ಕಿರುಹಗಲಿನ ದಿನವೂ ಬೇಗ ಮುಳುಗುವ ಹೊತ್ತೂ: ಬಸವನ ಬಾಗೇವಾಡಿಯ ಒಂದು ಲೆಕ್ಕ

ಬಸವನ ಬಾಗೇವಾಡಿಯಲ್ಲಿ ವರ್ಷದ ಅತಿ ಕಿರಿಯ ಹಗಲು ಡಿಸೆಂಬರ್ 21ರ ಸುಮಾರಿಗೆ ಬರುತ್ತದೆ. ಅದರ ಅಳತೆ 11 ಗಂಟೆ 8 ನಿಮಿಷ. ಆದರೆ ಅಲ್ಲಿ ಹೊತ್ತು ಅತಿ ಬೇಗ ಮುಳುಗುವುದು ನವೆಂಬರ್ 23ರ ಆಸುಪಾಸಿನಲ್ಲಿ, ಸಂಜೆ 5:51ಕ್ಕೆ. ಅತಿ ತಡವಾಗಿ ಮೂಡುವುದು ಜನವರಿ 21ರ ಆಸುಪಾಸಿನಲ್ಲಿ, 6:58 ದಾಟಿದ ಮೇಲೆ. ಇವು ಊರಿನ ಅಕ್ಷಾಂಶ, ರೇಖಾಂಶಗಳಿಂದ ಗಣಿಸಿದ ಬೆಲೆಗಳು.

ಈ ಮೂರು ದಿನಗಳು ಒಂದಾಗದಿರುವುದರ ಕಾರಣವನ್ನು ಸಂಜೆಯಲ್ಲಾಗಲಿ ಮುಂಜಾನೆಯಲ್ಲಾಗಲಿ ಹುಡುಕಿದರೆ ಸಿಗದು, ಅದು ನಡುಹಗಲಿನಲ್ಲಿದೆ. ಸೂರ್ಯ ನೆತ್ತಿಯ ಗೆರೆ ದಾಟುವ ಗಳಿಗೆ ಗಡಿಯಾರದಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಬಾಗೇವಾಡಿಯಲ್ಲಿ ಅದು ನವೆಂಬರ್ 23ಕ್ಕೆ 12:12, ಡಿಸೆಂಬರ್ 21ಕ್ಕೆ 12:24, ಜನವರಿ 21ಕ್ಕೆ 12:37. ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಡಿಸೆಂಬರ್ ಕೊನೆಯಲ್ಲಿ 24 ಗಂಟೆಗಿಂತ ಸುಮಾರು 30 ಸೆಕೆಂಡು ಹೆಚ್ಚು ಹಿಡಿಯುತ್ತದೆ. ಇದರಲ್ಲಿ 22 ಸೆಕೆಂಡು ಭೂಮಿಯ ಅಕ್ಷದ ಓರೆಯಿಂದ ಬರುತ್ತದೆ. ಉಳಿದ 8 ಸೆಕೆಂಡು, ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಸಾಗುವುದರಿಂದ. ನಮ್ಮ ಸಿದ್ಧಾಂತ ಗ್ರಂಥಗಳು ಮೊದಲನೆಯದಕ್ಕೆ ಉದಯಾಂತರ, ಎರಡನೆಯದಕ್ಕೆ ಭುಜಾಂತರ ಎಂಬ ಸಂಸ್ಕಾರಗಳನ್ನು ಹೇಳಿವೆ.

ನಡುಹಗಲು ಹೀಗೆ ಮುಂದೆ ಸರಿದಂತೆ ಉದಯ, ಅಸ್ತ ಎರಡನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ನವೆಂಬರ್ ಕೊನೆಯಲ್ಲಿ ಅರ್ಧ ಹಗಲು ದಿನಕ್ಕೆ ಸುಮಾರು 16 ಸೆಕೆಂಡು ಕುಗ್ಗುತ್ತಿರುತ್ತದೆ, ನಡುಹಗಲು ಅಷ್ಟೇ ಮುಂದೆ ಹೋಗುತ್ತಿರುತ್ತದೆ. ಎರಡೂ ಸರಿಸಮವಾದ ದಿನ ಅಸ್ತ ತನ್ನ ಕನಿಷ್ಠ ಮುಟ್ಟುತ್ತದೆ. ಆಮೇಲೆ ಹಗಲು ಇನ್ನೂ ಕಿರಿದಾಗುತ್ತಿದ್ದರೂ ಸಂಜೆ ಹಿಂದಕ್ಕೆ ಬರುವುದಿಲ್ಲ. ಡಿಸೆಂಬರ್ 21ರ ಹೊತ್ತಿಗಾಗಲೇ ಸೂರ್ಯ 5:58ಕ್ಕೆ ಮುಳುಗುತ್ತಾನೆ. ಸಂಕ್ರಾಂತಿಯ ವೇಳೆಗೆ ಹಗಲು ಬೆಳೆದಿರುವುದು ಬರೀ ಆರು ನಿಮಿಷ. ಆದರೆ ಸಂಜೆ 14 ನಿಮಿಷ ಲಂಬಿಸಿ, ಮುಂಜಾನೆ 8 ನಿಮಿಷ ತಡವಾಗಿರುತ್ತದೆ. ಸಂಕ್ರಾಂತಿ ಕಳೆದರೂ ಬೆಳಗಿನ ಕತ್ತಲೆ ಹರಿಯಲೊಲ್ಲದು ಎಂಬ ರೈತರ ದೂರಿನಲ್ಲಿ ಹುರುಳಿದೆ.

ಬೇಗನೆಯ ಅಸ್ತಕ್ಕೂ ಕಿರುಹಗಲಿಗೂ ನಡುವಿನ ಈ ದಿನಗಳ ಅಂತರ ಅಕ್ಷಾಂಶವನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಹಗಲಿನ ಅಳತೆಯೇ ಬಹಳ ಬೇಗ ಬದಲಾಗುವುದರಿಂದ ಬೇಗನೆಯ ಅಸ್ತ ಡಿಸೆಂಬರ್ 12ರ ಸುಮಾರಿಗೇ ಬೀಳುತ್ತದೆ. ಭೂಮಧ್ಯರೇಖೆಯ ಕಡೆಗೆ ಹೋದಂತೆ ದಿನಾಂಕ ಹಿಂದೆ ಸರಿಯುತ್ತದೆ. ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಉತ್ತರದ ಇಂಡಿಗೂ ದಕ್ಷಿಣದ ಮುದ್ದೇಬಿಹಾಳಕ್ಕೂ ಇರುವ ವ್ಯತ್ಯಾಸ ಒಂದೇ ದಿನದ್ದು, ಕಿರುಹಗಲಿನಲ್ಲಿ ಮೂರು ನಿಮಿಷದ್ದು. ಪೂರ್ವಕ್ಕಿರುವ ಸಿಂದಗಿಯಲ್ಲಿ ನಡುಹಗಲು ಬಾಗೇವಾಡಿಗಿಂತ ಒಂದು ನಿಮಿಷ ಮೊದಲೇ ಆಗುತ್ತದೆ. ದಿನಾಂಕದ ಮೇಲೆ ಇದರ ಪರಿಣಾಮವಿಲ್ಲ.

ಕನಿಷ್ಠ ಅಸ್ತದ ದಿನವನ್ನು ಕಣ್ಣಳತೆಯಿಂದ ಗುರುತಿಸಲಾಗದು. ಅದರ ಹಿಂದುಮುಂದಿನ ಆರಾರು ದಿನಗಳಲ್ಲಿ ಅಸ್ತದ ವೇಳೆ ಬದಲಾಗುವುದು 20 ಸೆಕೆಂಡಿನಷ್ಟು ಮಾತ್ರ; ದಿಗಂತದ ಧೂಳು, ಗಾಳಿಯ ವಕ್ರೀಭವನ ಅದನ್ನು ನುಂಗಿಬಿಡುತ್ತವೆ. ಪರೀಕ್ಷಿಸಬೇಕೆಂದರೆ ಬಯಲಿನಲ್ಲಿ ತೂಗುಗುಂಡು ಹಿಡಿದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳು ಉತ್ತರದ ಗೆರೆಗೆ ಬರುವ ಗಳಿಗೆಯನ್ನು ನವೆಂಬರ್ 23ಕ್ಕೊಮ್ಮೆ ಜನವರಿ 21ಕ್ಕೊಮ್ಮೆ ಬರೆದಿಟ್ಟುಕೊಳ್ಳಬೇಕು. ಇಪ್ಪತ್ತೈದು ನಿಮಿಷದ ಆ ಅಂತರ ಸಾಮಾನ್ಯ ಕೈಗಡಿಯಾರಕ್ಕೂ ಸಿಗುತ್ತದೆ.