ಫ್ಯೂಷನ್ ಉಡುಪು

ಹೆಚ್ಚಾಗಿ ಸುತ್ತಿ ಉಡುವ ಭಾರತೀಯ ಬಟ್ಟೆಯನ್ನೂ ಕತ್ತರಿಸಿ ಹೊಲಿದ ಪಾಶ್ಚಾತ್ಯ ಉಡುಪನ್ನೂ ಬೆರೆಸಿ ರೂಪಿಸಿದ ಸಿದ್ಧ ಉಡುಗೆಗೆ ಫ್ಯೂಷನ್ ಉಡುಪು ಎಂಬ ಹೆಸರಿದೆ. ಅಂಗಡಿಗಳಲ್ಲಿ ಇದನ್ನು ಇಂಡೋ-ವೆಸ್ಟರ್ನ್ ಎಂದೂ ಕರೆಯುತ್ತಾರೆ. ಧೋತಿ ಪ್ಯಾಂಟ್, ಸೀರೆ ಗೌನ್, ಕುರ್ತಾ ಜಾಕೆಟ್ ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂರು ಬಗೆ.

ಈ ಬೆರಕೆಯನ್ನು ಅರಿಯಲು ಕನ್ನಡದ ಎರಡು ಕ್ರಿಯಾಪದಗಳು ಒಳ್ಳೆಯ ದಾರಿ. ಸೀರೆ, ಪಂಚೆಗಳನ್ನು ಉಡುತ್ತೇವೆ. ಅಂಗಿ, ರವಿಕೆಗಳನ್ನು ತೊಡುತ್ತೇವೆ. ಉಡುವ ಬಟ್ಟೆಗೆ ಆಕಾರ ಬರುವುದು ಮೈಮೇಲೆ, ಪ್ರತಿಸಲ ಹೊಸದಾಗಿ. ತೊಡುವ ಬಟ್ಟೆಯ ಆಕಾರವನ್ನು ದರ್ಜಿ ಮೊದಲೇ ಹೊಲಿದು ಮುಗಿಸಿರುತ್ತಾನೆ. ಉಡುವ ಬಟ್ಟೆಯ ನೋಟವನ್ನು ತೊಡುವ ಬಟ್ಟೆಯಾಗಿ ಹೊಲಿಯುವುದೇ ಫ್ಯೂಷನ್ ಉಡುಪಿನ ಮುಖ್ಯ ಕೆಲಸ.

ಕಚ್ಚೆ ಪಂಚೆಯಲ್ಲಿ ಬಟ್ಟೆಯ ಒಂದು ತುದಿ ಕಾಲುಗಳ ನಡುವೆ ಹಾದು ಹಿಂದೆ ಸಿಕ್ಕಿಕೊಳ್ಳುತ್ತದೆ. ಬಿಗಿ, ಸಡಿಲ ಉಟ್ಟವರ ಕೈಯಲ್ಲಿರುತ್ತದೆ. ಧೋತಿ ಪ್ಯಾಂಟಿನಲ್ಲಿ ಆ ಇಳಿಬಿದ್ದ ಮಡಿಕೆಗಳನ್ನು ಹೊಲಿದು, ಸೊಂಟಕ್ಕೆ ಎಲಾಸ್ಟಿಕ್, ಕಾಲ್ತುದಿಗೆ ಪಟ್ಟಿ ಕೊಡುತ್ತಾರೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಮಡಿಕೆ ಮೆತ್ತಗೆ ಜೋಲುತ್ತದೆ. ನೇರ ಎಳೆಯಲ್ಲಿ ಕತ್ತರಿಸಿದ ಗಡುಸಾದ ಹತ್ತಿಬಟ್ಟೆ ತೊಡೆಯ ಹತ್ತಿರ ಉಬ್ಬಿ ನಿಲ್ಲುತ್ತದೆ. ಕಾಲುಸಂದಿಯ ಹೊಲಿಗೆ ತೀರಾ ಕೆಳಗಿಳಿದು ಕಾಲ್ತುದಿಯೂ ಬಿಗಿಯಾದರೆ ಮೆಟ್ಟಿಲು ಹತ್ತುವಾಗ ಹೆಜ್ಜೆ ತಡೆಯುತ್ತದೆ. ಕುರ್ತಾ ಜಾಕೆಟ್ಟಿನಲ್ಲಿ ಕಷ್ಟ ಕಡಿಮೆ, ಏಕೆಂದರೆ ಎರಡೂ ಹೊಲಿದ ಉಡುಪುಗಳೇ.

ಹೆಚ್ಚು ಲೆಕ್ಕಾಚಾರ ಬೇಡುವುದು ಸೀರೆ ಗೌನ್. ಸುಮಾರು 5.5 ಮೀಟರ್, ಎಂದರೆ 216 ಇಂಚು ಉದ್ದ, 45 ಇಂಚು ಅಗಲದ ಒಂದು ರೇಷ್ಮೆ ಸೀರೆಯನ್ನು ತೆಗೆದುಕೊಳ್ಳೋಣ. ಸೊಂಟದಿಂದ ನೆಲದವರೆಗೆ 42 ಇಂಚು ಬೇಕಾದವರಿಗೆ ಸೀರೆಯ ಅಗಲವೇ ಲಂಗದ ಎತ್ತರಕ್ಕೆ ಸಾಕು. ಸೆರಗಿಗೆ 40 ಇಂಚು ಮೀಸಲಿಟ್ಟು, ಲಂಗದ ಘೇರಿಗೆ 120 ಇಂಚು ಕೊಟ್ಟರೆ, ಮೇಲ್ಭಾಗಕ್ಕೂ ತೋಳಿಗೂ 56 ಇಂಚು ಉಳಿಯುತ್ತದೆ. 30 ಇಂಚಿನ ಸೊಂಟಕ್ಕೆ ಆ 120 ಇಂಚನ್ನು ನಿರಿಗೆ ಹಿಡಿದು ಕೂಡಿಸಬೇಕು. ಇಲ್ಲಿ ಗೌನಿನ ರೂಢಿಯಂತೆ ಕೆಳಗಿನ ಅಂಚನ್ನು ದುಂಡಗೆ ಕತ್ತರಿಸುವಂತಿಲ್ಲ: ಜರಿಯಂಚು ನೇರವಾಗಿ ನೇಯ್ದದ್ದು, ಬಾಗುವುದಿಲ್ಲ. ದುಂಡು ಘೇರು ಬೇಕೆಂದರೆ ಅಂಚನ್ನು ಬಿಡಿಸಿ, ಚಿಕ್ಕ ಮಡಿಕೆ ಹಿಡಿದು ಮರಳಿ ಕೂಡಿಸಬೇಕು. ಆ ಮಡಿಕೆಗಳು ಜರಿಯ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ನಿರಿಗೆಯೇ ಮೇಲು. ಲಂಗದ ಭಾರ ಮೇಲ್ಭಾಗದ ಹೊಲಿಗೆಯನ್ನು ಎಳೆಯದಂತೆ ಸೊಂಟಕ್ಕೆ ಒಳಪಟ್ಟಿ, ಒಳಗೆ ಹತ್ತಿಯ ಅಸ್ತರು ಕೊಡಬೇಕು. ಪಕ್ಕದ ಜಿಪ್ಪು ಅಲೆಯಲೆಯಾಗಿ ಮುದುಡಿದ್ದರೆ ಆ ಆಧಾರ ಸಾಲದೆಂದು ತಿಳಿಯಬೇಕು.

ಅಜ್ಜಿಯ ಹಳೆಯ ಸೀರೆಗೆ ಕತ್ತರಿ ಹಾಕುವ ಮುನ್ನ ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಮೊದಲು ಸೀಳುತ್ತದೆ. ಅಲ್ಲಿ ಸಣ್ಣ ಬಿರುಕು ಕಂಡರೆ ಕತ್ತರಿಸದಿರುವುದೇ ಸರಿ. ಒಮ್ಮೆ ಗೌನಾದ ಸೀರೆ ಮತ್ತೆ ಸೀರೆಯಾಗದು. ಅಮ್ಮನಿಗೂ ಮಗಳಿಗೂ ಒಂದೇ ಸೀರೆ ಒಗ್ಗುತ್ತಿದ್ದ ಅನುಕೂಲ ಅಲ್ಲಿಗೆ ಮುಗಿಯುತ್ತದೆ. ಹೊಲಿಗೆಯ ಒಳಗೆ ಒಂದೆರಡು ಇಂಚು ಬಟ್ಟೆ ಬಿಟ್ಟರೆ ಮುಂದೆ ಸಡಿಲಿಸಿಕೊಳ್ಳಬಹುದು.

ಇಂಡೋ-ವೆಸ್ಟರ್ನ್ ಎಂಬ ಹೆಸರು ಒಂದು ಕಡೆ ಶುದ್ಧ ಭಾರತೀಯ, ಇನ್ನೊಂದು ಕಡೆ ಶುದ್ಧ ಪಾಶ್ಚಾತ್ಯ ಉಡುಪುಗಳಿದ್ದವು ಎಂಬ ಭಾವನೆ ತರುತ್ತದೆ. ಚರಿತ್ರೆ ಹಾಗಿಲ್ಲ. 1860ರ ದಶಕದಲ್ಲಿ ಬೊಂಬಾಯಿಗೆ ಹೋದ ಬಂಗಾಳದ ಜ್ಞಾನದಾನಂದಿನಿ ದೇವಿ ಅಲ್ಲಿನ ಪಾರ್ಸಿ ಹೆಂಗಸರನ್ನು ನೋಡಿ ಸೀರೆ ಉಡುವ ಬಗೆಯನ್ನು ಬದಲಿಸಿಕೊಂಡು, ರವಿಕೆ, ಒಳಲಂಗಗಳೊಂದಿಗೆ ಅದನ್ನು ಬಂಗಾಳದಲ್ಲಿ ಬಳಕೆಗೆ ತಂದರು. ಹಳೆಯ ಮೈಸೂರಿನ ಅಧಿಕಾರಿಗಳು, ಮೇಷ್ಟರುಗಳು ಕಚ್ಚೆ ಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು ತೊಟ್ಟು, ತಲೆಗೆ ಪೇಟ ಇಡುತ್ತಿದ್ದರು. ಅದು ಅಪ್ಪಟ ಬೆರಕೆಯೇ, ಆದರೂ ಇಂದು ನಮಗೆ ಅದು ಸಂಪ್ರದಾಯ.

ಆದ್ದರಿಂದ ಇಂಥ ಉಡುಪನ್ನು ವರ್ಣಿಸುವಾಗ ನೇಯ್ಗೆ, ಉಡುವ ಬಗೆ, ಕತ್ತರಿಕೆ ಮೂರನ್ನೂ ಬೇರೆಬೇರೆಯಾಗಿ ಹೇಳುವುದು ಸ್ಪಷ್ಟ. ‘ಎಥ್ನಿಕ್ ಗೌನ್’ ಎನ್ನುವುದಕ್ಕಿಂತ ‘ಇಳಕಲ್ ಸೀರೆಯಿಂದ ನಿರಿಗೆ ಹಿಡಿದು ಹೊಲಿದ ಗೌನ್’ ಎಂದರೆ ನೇಕಾರರ ಊರೂ ದರ್ಜಿಯ ಕೆಲಸವೂ ತಿಳಿಯುತ್ತವೆ. ಹಿಂದಿನಿಂದ ನಿರಿಗೆ ಹಿಡಿಯುವ ಕೊಡವ ಉಡುಗೆಯನ್ನು ‘ದಕ್ಷಿಣ ಭಾರತ ಶೈಲಿ’ ಎಂದು ಮಾರಿದಾಗ ಆ ಜನರ ಹೆಸರೇ ಅಳಿಸಿಹೋಗುತ್ತದೆ. ಇಳಕಲ್ ಎಂದು ಹೆಸರಿಟ್ಟು ಬರೀ ಅಚ್ಚೊತ್ತಿದ ಬಟ್ಟೆ ಮಾರುವುದೂ ಉಂಟು. ಬಟ್ಟೆಯನ್ನು ಮಗುಚಿ ನೋಡಿದರೆ ಅಚ್ಚು ಹಿಂಬದಿಯಲ್ಲಿ ಮಸುಕಾಗಿರುತ್ತದೆ. ನಿಜವಾದ ಇಳಕಲ್ಲಿನಲ್ಲಿ ಒಡಲಿನ ಎಳೆಗಳೂ ಸೆರಗಿನ ಎಳೆಗಳೂ ಕೊಂಡಿ ಹಾಕಿಕೊಂಡು ಕೂಡಿದ ಗೆರೆ ಕಾಣಿಸುತ್ತದೆ. ಒಳ್ಳೆಯ ದರ್ಜಿ ಆ ಗೆರೆಯನ್ನು ಹೊಲಿಗೆಯೊಳಗೆ ಮುಚ್ಚದೆ ಹೆಗಲಿನ ಸೆರಗಿನಲ್ಲಿ ಹಾಗೆಯೇ ಉಳಿಸುತ್ತಾನೆ.