ತೆರೆದುಕೊಂಡ ಇಲಾಸ್ಟಿಕ್‌ಸರ್ಚ್ ಕ್ಲಸ್ಟರ್

ತೆರೆದುಕೊಂಡ ಇಲಾಸ್ಟಿಕ್‌ಸರ್ಚ್ ಕ್ಲಸ್ಟರ್ ಎಂದರೆ ಗುಪ್ತಪದವಿಲ್ಲದೆ ಅಂತರಜಾಲದ ಮೂಲಕ ಯಾರು ಬೇಕಾದರೂ ಓದಬಹುದಾದ ಅಥವಾ ಅಳಿಸಬಹುದಾದ ಸ್ಥಿತಿಯಲ್ಲಿರುವ ದತ್ತಾಂಶ ಸಂಗ್ರಹ. ಇಲಾಸ್ಟಿಕ್‌ಸರ್ಚ್ ಅಪಾರ ದಾಖಲೆಗಳಲ್ಲಿ ಹುಡುಕಾಟ ನಡೆಸುವ ತಂತ್ರಾಂಶವಾಗಿದ್ದು, ಒಟ್ಟಾಗಿ ಕೆಲಸ ಮಾಡುವ ಅದರ ಸರ್ವರ್‌ಗಳ ಗುಂಪಿಗೆ ಕ್ಲಸ್ಟರ್ ಎಂದು ಹೆಸರು. 2020ರ ಜುಲೈನಲ್ಲಿ ಕಂಡುಬಂದ ‘ಮಿಯಾಂವ್’ ದಾಳಿಯಲ್ಲಿ ಇಂತಹ ಅನೇಕ ಸಂಗ್ರಹಗಳು ಅಳಿಸಿಹೋಗಿ, ಅವುಗಳ ಜಾಗದಲ್ಲಿ `-meow` ಎಂದು ಕೊನೆಗೊಳ್ಳುವ ಹೆಸರುಗಳು ಮಾತ್ರ ಉಳಿದವು. ದಾಳಿಕೋರರು ಹಣವನ್ನೂ ಕೇಳಿರಲಿಲ್ಲ.

## ಕಾರಣಗಳು

ಈ ತಂತ್ರಾಂಶವು ಮೂಲತಃ ತಾನಿರುವ ಯಂತ್ರದ ಕೋರಿಕೆಗಳಿಗೆ ಮಾತ್ರ ಉತ್ತರಿಸುತ್ತದೆ. ಹಲವು ಸರ್ವರ್‌ಗಳನ್ನು ಜೋಡಿಸುವಾಗ ನಿರ್ವಾಹಕರು `network.host` ಮೌಲ್ಯವನ್ನು `0.0.0.0` ಎಂದು ಬದಲಿಸಿದರೆ, 9200ನೆಯ ಪೋರ್ಟ್ ಹೊರಗಿನವರಿಗೂ ತೆರೆದುಕೊಳ್ಳಬಹುದು. ಗುಪ್ತಪದದ ಸೌಲಭ್ಯ 2019ರ ಮೇ ತಿಂಗಳವರೆಗೆ ಉಚಿತವಾಗಿರಲಿಲ್ಲ, 2022ರ 8.0 ಆವೃತ್ತಿಯಿಂದ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ.

## ಪತ್ತೆ

ಶೋಡನ್‌ನಂತಹ ಶೋಧಕಗಳು ತೆರೆದ ಪೋರ್ಟ್‌ಗಳನ್ನು ಪಟ್ಟಿ ಮಾಡುತ್ತವೆ. ಮಾಲೀಕರು ತಮ್ಮದೇ ಸರ್ವರನ್ನು ಕಚೇರಿಯ ಜಾಲದ ಹೊರಗಿನಿಂದ, ಉದಾಹರಣೆಗೆ ಮೊಬೈಲ್ ಸಂಪರ್ಕದಿಂದ, ಪರೀಕ್ಷಿಸಬೇಕು:

```
curl 'http://203.0.113.10:9200/_cat/indices?v'
```

ಸಂಗ್ರಹಗಳ ಹೆಸರುಗಳು ತೆರೆಯ ಮೇಲೆ ಬಂದರೆ ಕ್ಲಸ್ಟರ್ ತೆರೆದಿದೆ ಎಂದರ್ಥ. `401` ಎಂಬ ಉತ್ತರ ಬಂದರೆ ಅದು ಗುಪ್ತಪದವನ್ನು ಕೇಳುತ್ತಿದೆ. ಇತರರ ಸರ್ವರನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಉಲ್ಲಂಘನೆಯಾಗುತ್ತದೆ.

## ಮುಚ್ಚುವ ಕ್ರಮ

ಮೊದಲು ಫೈರ್‌ವಾಲ್‌ನಲ್ಲಿ 9200ನೆಯ ಪೋರ್ಟನ್ನು ಹೊರಗಿನವರಿಗೆ ಮುಚ್ಚಲಾಗುತ್ತದೆ. ಡಾಕರ್ ಮೂಲಕ ಪ್ರಕಟಿಸಿದ ಪೋರ್ಟ್‌ಗಳು ಲಿನಕ್ಸ್‌ನ `ufw` ನಿಯಮಗಳನ್ನು ದಾಟಿಹೋಗುವುದರಿಂದ, ಮುಚ್ಚಿದ ಬಳಿಕ ಹೊರಗಿನಿಂದ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ. ಗುಪ್ತಪದವನ್ನು ಜಾರಿಗೊಳಿಸಲು `xpack.security.enabled: true` ಎಂದು ಬರೆದು ತಂತ್ರಾಂಶವನ್ನು ಮರುಚಾಲನೆ ಮಾಡಬೇಕಾಗುತ್ತದೆ. ಆದರೆ ಮರುಚಾಲನೆಯಿಂದ ಹುಡುಕಾಟದ ಎಣಿಕೆಗಳು ಶೂನ್ಯಕ್ಕೆ ಮರಳುತ್ತವೆ. ಆದ್ದರಿಂದ ಅದಕ್ಕೂ ಮುನ್ನ ಸರ್ವರ್‌ನ ಒಳಗಿನಿಂದ ಅವುಗಳನ್ನು ಉಳಿಸಿಕೊಳ್ಳಬೇಕು:

```
curl 'http://localhost:9200/_stats/search' > stats.json
```

## ಅನಧಿಕೃತ ಪ್ರವೇಶದ ಪರಿಶೀಲನೆ

ಸಂಗ್ರಹವನ್ನು ಅಳಿಸಿದ್ದರೆ ತಂತ್ರಾಂಶದ ದಿನಚರಿ ಕಡತದಲ್ಲಿ `deleting index` ಎಂಬ ಸಾಲು ಸಿಗುತ್ತದೆ. ಓದಿದ್ದು ಮಾತ್ರ ಅಲ್ಲಿ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಅದನ್ನು ದಾಖಲಿಸುವ ಸೌಲಭ್ಯ ಹಣ ಪಾವತಿಸಿದವರಿಗೆ ಮಾತ್ರ ದೊರೆಯುತ್ತದೆ.

ಹೀಗಾಗಿ ಪರೋಕ್ಷ ಸುಳಿವುಗಳನ್ನು ನೋಡಬೇಕಾಗುತ್ತದೆ. ಇಡೀ ಸಂಗ್ರಹವನ್ನು ಕಂತುಕಂತಾಗಿ ಓದಲು ‘ಸ್ಕ್ರಾಲ್’ ವಿಧಾನವನ್ನು ಬಳಸುವುದುಂಟು. ಸಂಸ್ಥೆಯ ಯಾವ ತಂತ್ರಾಂಶವೂ ಅದನ್ನು ಬಳಸದಿದ್ದರೂ `scroll_total` ಸಂಖ್ಯೆ ಶೂನ್ಯಕ್ಕಿಂತ ಹೆಚ್ಚಿದ್ದರೆ, ದತ್ತಾಂಶವನ್ನು ನಕಲಿಸಿರುವ ಸಂಶಯ ಬಲವಾಗುತ್ತದೆ. ಜಾಲದ ದಾಖಲೆಗಳಲ್ಲಿ ಅಪರಿಚಿತ ವಿಳಾಸಕ್ಕೆ ಹೊರಹೋದ ಬೈಟ್‌ಗಳ ಪ್ರಮಾಣ ಸಂಗ್ರಹದ ಗಾತ್ರಕ್ಕೆ ಸಮೀಪವಾಗಿದ್ದರೆ ಆ ಸಂಶಯಕ್ಕೆ ಪುಷ್ಟಿ ದೊರೆಯುತ್ತದೆ. ಜಾಲದ ದಾಖಲೆಗಳೇ ಇಲ್ಲದಿದ್ದಲ್ಲಿ ‘ಯಾರೂ ಓದಿಲ್ಲ’ ಎಂದು ತೀರ್ಮಾನಿಸಲಾಗದು. ತೆರೆದಿದ್ದ ಅವಧಿಯಲ್ಲಿ ಎಲ್ಲವೂ ಓದಲ್ಪಟ್ಟಿರಬಹುದು ಎಂದೇ ಭಾವಿಸಿ ಮುಂದುವರಿಯಬೇಕಾಗುತ್ತದೆ. ಭಾರತದಲ್ಲಿ ಇಂತಹ ದತ್ತಾಂಶ ಸೋರಿಕೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.