ಹೌಲೆಂಡ್ ಉಯಿಲಿನ ರುಜು: ಅತಿಸಾಮ್ಯವೇ ಸಂಶಯಕ್ಕೆ ಕಾರಣವಾದಾಗ

ಒಂದು ರುಜು ನಿಜವಾದುದೋ ಖೋಟಾ ಆದುದೋ ಎಂಬ ಪ್ರಶ್ನೆ ಎದ್ದಾಗ, ಅದನ್ನು ಅದೇ ವ್ಯಕ್ತಿಯ ನಿರ್ವಿವಾದವಾದ ರುಜುವಿನ ಪಕ್ಕದಲ್ಲಿಟ್ಟು ನೋಡುವುದು ಬಹು ಹಳೆಯ ರೂಢಿ. ಎರಡೂ ಹೋಲಿದರೆ ನಿಜ, ಹೋಲದಿದ್ದರೆ ಖೋಟಾ ಎಂಬುದು ಸಾಮಾನ್ಯ ತರ್ಕ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಈ ತರ್ಕ ತಲೆಕೆಳಗಾಯಿತು. ಅಲ್ಲಿ ರುಜುಗಳು ಹೋಲುವುದಿಲ್ಲವೆಂದು ಯಾರೂ ಆಕ್ಷೇಪಿಸಲಿಲ್ಲ. ಅವು ಮನುಷ್ಯನ ಕೈಗೆ ಸಾಧ್ಯವಾಗದಷ್ಟು ಹೋಲುತ್ತವೆ ಎಂಬುದೇ ಆಕ್ಷೇಪವಾಗಿತ್ತು. ಆ ಆಕ್ಷೇಪವನ್ನು ಸಾಧಿಸಲು ಛಾಯಾಚಿತ್ರಗಳನ್ನು ಒಂದರ ಮೇಲೊಂದಿಟ್ಟು ಗೆರೆಗೆರೆಯನ್ನೂ ಎಣಿಸಿದವರು ತಂದೆ ಮಗ ಇಬ್ಬರು. ತಂದೆ ಹಾರ್ವರ್ಡ್‌ನ ಗಣಿತಜ್ಞ ಬೆಂಜಮಿನ್ ಪರ್ಸ್. ಮಗ, ಮುಂದೆ ಸಂಕೇತವಿಜ್ಞಾನದ ಮೂಲಪುರುಷರಲ್ಲೊಬ್ಬನೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತನಾದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್.

ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಬೇಟೆಯಿಂದ ಸಿರಿವಂತವಾದ ಬಂದರು ಪಟ್ಟಣ. ಅಲ್ಲಿನ ಸಿಲ್ವಿಯಾ ಆನ್ ಹೌಲೆಂಡ್ ಎಂಬ ಅವಿವಾಹಿತ ಮಹಿಳೆ 1865ರಲ್ಲಿ ತೀರಿಕೊಂಡಾಗ ಸುಮಾರು 20 ಲಕ್ಷ ಡಾಲರ್ ಮೌಲ್ಯದ ಆಸ್ತಿಯನ್ನು ಬಿಟ್ಟುಹೋಗಿದ್ದಳು. 1863ರ ಆಕೆಯ ಉಯಿಲಿನ ಪ್ರಕಾರ ಆಸ್ತಿಯ ಸುಮಾರು ಅರ್ಧಭಾಗ ಹಲವು ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಸೇರಬೇಕಾಗಿತ್ತು. ಉಳಿದುದನ್ನು ನ್ಯಾಸವಾಗಿ ಇಟ್ಟು, ಅದರ ಆದಾಯವನ್ನಷ್ಟೇ ಸೋದರಿಯ ಮಗಳಾದ ಹೆಟ್ಟಿ ರಾಬಿನ್ಸನ್‌ಗೆ ಕೊಡಬೇಕಾಗಿತ್ತು. ಹೆಟ್ಟಿ ಇದನ್ನು ಒಪ್ಪದೆ 1862ರ ಇನ್ನೊಂದು ಉಯಿಲನ್ನು ಮುಂದಿಟ್ಟಳು. ಅದರಲ್ಲಿ ಆಸ್ತಿ ಬಹುಮಟ್ಟಿಗೆ ಅವಳಿಗೇ ಸೇರುತ್ತಿತ್ತು. ಆದರೆ ಹಿಂದಿನ ಉಯಿಲು ನಂತರದ ಉಯಿಲನ್ನು ಹೇಗೆ ರದ್ದುಪಡಿಸೀತು? ಇದಕ್ಕೆ ಉತ್ತರವಾಗಿ ಅವಳ ಬಳಿ ‘ಎರಡನೆಯ ಪುಟ’ ಎಂಬ ಪ್ರತ್ಯೇಕ ಹಾಳೆಯಿತ್ತು. ಇನ್ನು ಮುಂದೆ ತಾನು ಮಾಡಬಹುದಾದ ಯಾವ ಉಯಿಲೂ ಸಲ್ಲದು ಎಂದು ಸಿಲ್ವಿಯಾಳೇ ಬರೆಸಿದಂತೆ ಅದರಲ್ಲಿತ್ತು. ಆ ಪುಟದ ಎರಡು ಪ್ರತಿಗಳಿದ್ದು, ಎರಡರ ಮೇಲೂ ಅವಳ ರುಜು ಇತ್ತು. ಉಯಿಲಿನ ನಿರ್ವಾಹಕನಾದ ಥಾಮಸ್ ಮ್ಯಾಂಡೆಲ್ ಆ ಎರಡು ರುಜುಗಳೂ ಖೋಟಾ ಎಂದು ವಾದಿಸಿದ. 1862ರ ಉಯಿಲಿನ ಮೇಲಿದ್ದ, ಯಾರೂ ಅಲ್ಲಗಳೆಯದ ರುಜುವಿನ ಮೇಲೆ ಹಾಳೆಯಿಟ್ಟು ತಿದ್ದಿ ತೆಗೆದವು ಅವು ಎಂಬುದು ಅವನ ಪಕ್ಷದ ಹೇಳಿಕೆ.

ಮೊಕದ್ದಮೆಯ ಕಡತದಲ್ಲಿ ರುಜುಗಳಿಗೆ ಸಂಖ್ಯೆಗಳನ್ನು ಕೊಡಲಾಗಿತ್ತು. ನಿರ್ವಿವಾದವಾದ ಮೂಲ ರುಜು 1ನೆಯದು, ಸಂಶಯಕ್ಕೊಳಗಾದವು 10 ಮತ್ತು 15ನೆಯವು. 1 ಮತ್ತು 10ರ ಛಾಯಾಚಿತ್ರಗಳನ್ನು ಒಂದರ ಮೇಲೊಂದಿಟ್ಟಾಗ ಅವು ಬೇರೆ ಬೇರೆಯೆಂದು ಹೇಳುವುದೇ ಕಷ್ಟವಾಗಿತ್ತು. ಸಾಮಾನ್ಯ ಪರೀಕ್ಷಕನಾಗಿದ್ದರೆ ಈ ದೃಶ್ಯವನ್ನೇ ಸಾಕ್ಷ್ಯವಾಗಿ ಮುಂದಿಟ್ಟು ಸುಮ್ಮನಾಗುತ್ತಿದ್ದ. ಪರ್ಸ್ ಕೇಳಿದ ಪ್ರಶ್ನೆ ಬೇರೆ. ಈಕೆಯ ಎರಡು ನಿಜವಾದ ರುಜುಗಳು ಪರಸ್ಪರ ಎಷ್ಟರಮಟ್ಟಿಗೆ ಹೊಂದುತ್ತವೆ? ಅದು ತಿಳಿಯದೆ 1 ಮತ್ತು 10ರ ಹೊಂದಿಕೆ ಅಸಹಜವೆಂದು ಹೇಳಲು ಆಧಾರವಿಲ್ಲ.

ಅಳತೆಗೆ ಅವರು ಆರಿಸಿಕೊಂಡದ್ದು ಲೇಖನಿಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಮೂಡುವ ಗೆರೆಗಳನ್ನು. ‘ಇಳಿಗೆರೆ’ ಎಂದು ಅವನ್ನು ಕರೆಯಬಹುದು. ಅವು ದಪ್ಪವಾಗಿಯೂ ಸ್ಪಷ್ಟವಾಗಿಯೂ ಇರುವುದರಿಂದ ಎಣಿಕೆಗೆ ಅನುಕೂಲ. ಸಿಲ್ವಿಯಾ ಆನ್ ಹೌಲೆಂಡ್ ಎಂಬ ಹೆಸರನ್ನು ರೋಮನ್ ಕೂಡಕ್ಷರದಲ್ಲಿ ಬರೆದಾಗ ಇಂಥ 30 ಇಳಿಗೆರೆಗಳು ದೊರೆಯುತ್ತವೆ. ಸಿಲ್ವಿಯಾಳ 42 ನಿಜವಾದ ರುಜುಗಳ ಛಾಯಾಚಿತ್ರಗಳನ್ನು ತೆಗೆದುಕೊಂಡು, ಪ್ರತಿಯೊಂದನ್ನೂ ಉಳಿದ ಎಲ್ಲವುಗಳ ಮೇಲಿಟ್ಟು, 30 ಇಳಿಗೆರೆಗಳಲ್ಲಿ ಎಷ್ಟು ಒಂದರ ಮೇಲೊಂದು ಕೂಡುತ್ತವೆಂದು ಚಾರ್ಲ್ಸ್ ಎಣಿಸಿದ. 42 ರುಜುಗಳಿಂದ 861 ಜೋಡಿಗಳಾಗುತ್ತವೆ. ಜೋಡಿಯೊಂದಕ್ಕೆ 30ರಂತೆ ಒಟ್ಟು 25,830 ಹೋಲಿಕೆಗಳು. ಅವುಗಳಲ್ಲಿ ಹೊಂದಿಕೊಂಡವು 5,325. ಎಂದರೆ ಸರಾಸರಿಯಲ್ಲಿ ಐದು ಗೆರೆಗಳಿಗೊಂದು, ಅಥವಾ ಒಂದು ಜೋಡಿಯಲ್ಲಿ 30ಕ್ಕೆ ಸುಮಾರು 6. ಒಬ್ಬಳೇ ವ್ಯಕ್ತಿ ತನ್ನದೇ ಹೆಸರನ್ನು ಬರೆಯುವಾಗಲೂ ಅಕ್ಷರಗಳ ನಡುವಣ ಅಂತರ, ಓರೆ, ಅಗಲಗಳು ಪ್ರತಿ ಸಲವೂ ಅಷ್ಟಿಷ್ಟು ಬದಲಾಗುತ್ತವೆಂಬುದನ್ನು ಈ ಎಣಿಕೆ ತೋರಿಸಿತು. 1 ಮತ್ತು 10ರ ನಡುವೆ 30 ಗೆರೆಗಳೂ ಹೊಂದಿದ್ದವು.

ಈ ಎಣಿಕೆಯ ಬೆಲೆಯೆಲ್ಲ ಇರುವುದು ಹೋಲಿಕೆಯ ಕ್ರಮದಲ್ಲಿ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವವನ ಕೈಯಲ್ಲಿ ಮೂರು ಸ್ವಾತಂತ್ರ್ಯಗಳಿರುತ್ತವೆ: ಅವನು ಚಿತ್ರವನ್ನು ಸರಿಸಬಲ್ಲ, ತಿರುಗಿಸಬಲ್ಲ, ಹಿಗ್ಗಿಸಬಲ್ಲ. ಮೊದಲೆರಡು ಅನಿವಾರ್ಯ, ಏಕೆಂದರೆ ರುಜು ಹಾಳೆಯ ಯಾವ ಜಾಗದಲ್ಲಿ, ಎಷ್ಟು ಓರೆಯಾಗಿ ಬಿದ್ದಿದೆ ಎಂಬುದಕ್ಕೆ ಇಲ್ಲಿ ಅರ್ಥವಿಲ್ಲ. ಮೂರನೆಯದು ಅಪಾಯಕಾರಿ. ಚಿತ್ರಗಳನ್ನು ಒಂದೇ ದೂರದಿಂದ, ಹಾಳೆಗೆ ಲಂಬವಾಗಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತೆಗೆದಿದ್ದರೆ ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಹಾಗೆ ತೆಗೆಯದ ಚಿತ್ರವನ್ನು ಹೊಂದುವವರೆಗೆ ಹಿಗ್ಗಿಸಿದರೆ, ಅಳೆಯಬೇಕಾದ ವ್ಯತ್ಯಾಸವನ್ನೇ ಅಳಿಸಿದಂತಾಗುತ್ತದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಒಂದು ತುದಿ ಕಿರಿದಾಗುವುದರಿಂದ ನಿಜವಾದ ಹೊಂದಿಕೆಯೂ ಕಾಣದೆ ಹೋಗಬಹುದು. ಮೊದಲಕ್ಷರವನ್ನು ಆಧಾರವಾಗಿಟ್ಟುಕೊಂಡರೆ ಒಂದು ಫಲ, ಇಡೀ ಸಾಲನ್ನು ಆಧಾರವಾಗಿಟ್ಟುಕೊಂಡರೆ ಇನ್ನೊಂದು ಫಲ ಬರುತ್ತದೆ. ಆದ್ದರಿಂದ ಯಾವ ಆಧಾರದ ಮೇಲೆ ಹೊಂದಿಸಬೇಕು, ಎಷ್ಟು ಸಮೀಪವಿದ್ದರೆ ಹೊಂದಿತೆನ್ನಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ನಿಜವಾದ ಜೋಡಿಗಳಿಗೂ ಸಂಶಯದ ಜೋಡಿಗೂ ಅದೇ ನಿಯಮವನ್ನು ಅನ್ವಯಿಸಬೇಕಾಗುತ್ತದೆ.

ಇಲ್ಲಿಯವರೆಗೆ ಪರ್ಸ್‌ರ ದಾರಿ ಗಟ್ಟಿಯಾದುದು. ಮುಂದಿನ ಹೆಜ್ಜೆಯಲ್ಲಿ ಅದು ಸಡಿಲವಾಯಿತು. ಒಂದು ಗೆರೆ ಹೊಂದುವ ಸಂಭವ ಐದಕ್ಕೊಂದು ಆದರೆ, 30 ಗೆರೆಗಳೂ ಹೊಂದುವ ಸಂಭವವನ್ನು ಐದನೆಯ ಒಂದು ಭಾಗವನ್ನು 30 ಸಲ ಗುಣಿಸಿ ಪಡೆಯಬಹುದು ಎಂದು ಬೆಂಜಮಿನ್ ಪರ್ಸ್ ಸಾಕ್ಷ್ಯ ನುಡಿದ. ಹೀಗೆ ಗುಣಿಸಿದರೆ, 93ರ ಮುಂದೆ 19 ಸೊನ್ನೆಗಳನ್ನಿಟ್ಟಷ್ಟು ಜೋಡಿಗಳಲ್ಲಿ ಒಂದು ಸಲ ಮಾತ್ರ ಇಂಥ ಹೊಂದಿಕೆ ಸಂಭವಿಸುತ್ತದೆ ಎಂದಾಗುತ್ತದೆ. ಆದರೆ ಈ ಗುಣಾಕಾರ ಸಲ್ಲಬೇಕಾದರೆ ಪ್ರತಿಯೊಂದು ಗೆರೆಯೂ ಉಳಿದವುಗಳಿಂದ ಸ್ವತಂತ್ರವಾಗಿರಬೇಕು. ಬರವಣಿಗೆಯಲ್ಲಿ ಹಾಗಿರುವುದಿಲ್ಲ. ಕೈ ಒಂದು ಅಕ್ಷರವನ್ನು ಅಗಲಿಸಿ ಬರೆದರೆ ಅದರ ಮುಂದಿನ ಗೆರೆಗಳೆಲ್ಲ ಒಟ್ಟಿಗೇ ಸರಿಯುತ್ತವೆ. ಒಂದು ಪದದ ಮೊದಲ ಗೆರೆ ಹೊಂದಿದರೆ ಎರಡನೆಯದೂ ಹೊಂದುವ ಸಾಧ್ಯತೆ ಹೆಚ್ಚು. ಉದಾಹರಣೆಗೆ 30 ಗೆರೆಗಳು ಮೂರು ಮೂರಾಗಿ ಜೊತೆಗೂಡಿ ಚಲಿಸುತ್ತವೆಂದು ಭಾವಿಸಿದರೆ, ಲೆಕ್ಕಕ್ಕೆ ಉಳಿಯುವುದು 10 ಸ್ವತಂತ್ರ ಘಟಕಗಳು ಮಾತ್ರ. ಆಗ ಅದೇ ಗುಣಾಕಾರದ ಫಲ ಸುಮಾರು 98 ಲಕ್ಷಕ್ಕೊಂದು ಎಂದಾಗುತ್ತದೆ. ಇದೂ ವಿರಳವೇ. ಆದರೆ ಮೊದಲಿನ ಸಂಖ್ಯೆಗೂ ಇದಕ್ಕೂ ಇರುವ ದೂರ, ಮೊದಲಿನದರಲ್ಲಿ ಎಷ್ಟು ಭಾಗ ಊಹೆಯಿಂದ ಬಂದದ್ದೆಂಬುದನ್ನು ತಿಳಿಸುತ್ತದೆ. 1980ರಲ್ಲಿ ಪಾಲ್ ಮಯರ್ ಮತ್ತು ಸ್ಯಾಂಡಿ ಝಾಬೆಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಈ ಪ್ರಕರಣವನ್ನು ಮರುಪರಿಶೀಲಿಸಿದಾಗ, ಪರ್ಸ್‌ರ ಲೆಕ್ಕದ ಮಾದರಿಗೂ ಅವರೇ ಮಾಡಿದ ಎಣಿಕೆಗೂ ಸರಿಯಾದ ತಾಳೆಯಿಲ್ಲವೆಂದು ತೋರಿಸಿದರು.

ಇನ್ನೊಂದು ತೊಡಕು ಆಧಾರವಾಗಿ ಬಳಸಿದ ರುಜುಗಳಿಗೆ ಸಂಬಂಧಿಸಿದ್ದು. ಬೇರೆ ಬೇರೆ ದಿನಗಳಲ್ಲಿ ಬರೆದ ರುಜುಗಳಿಗಿಂತ, ಒಂದೇ ಮೇಜಿನ ಮೇಲೆ, ಒಂದೇ ಲೇಖನಿಯಿಂದ, ಒಂದೇ ಹೊತ್ತಿನಲ್ಲಿ ಬರೆದ ರುಜುಗಳು ಹೆಚ್ಚು ಹೋಲುತ್ತವೆ. ಎರಡನೆಯ ಪುಟಕ್ಕೂ ಉಯಿಲಿಗೂ ಒಂದೇ ಕೂರಿಕೆಯಲ್ಲಿ ರುಜು ಹಾಕಲಾಗಿದ್ದರೆ, 42 ರುಜುಗಳ ಸರಾಸರಿ ಅದಕ್ಕೆ ತಕ್ಕ ಅಳತೆಗೋಲಾಗದು. ಹೆಟ್ಟಿಯ ಪಕ್ಷದವರು ಇದಕ್ಕೆ ಪ್ರತಿಯಾಗಿ, ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ನದೂ ಸೇರಿದಂತೆ ಇತರರ ರುಜುಗಳಲ್ಲೂ ಬಹಳ ಹತ್ತಿರದ ಹೊಂದಿಕೆ ಕಾಣುತ್ತದೆಂದು ತೋರಿಸಹೊರಟರು. ಆ ವಾದಕ್ಕೂ ಮಿತಿಯಿತ್ತು. ಬಹಳ ಏಕರೂಪವಾಗಿ ಬರೆಯುವ ಒಬ್ಬನ ಕೈಯಿಂದ, ರುಜುವಿನಿಂದ ರುಜುವಿಗೆ ಬದಲಾಗುವ ಇನ್ನೊಬ್ಬಳ ಕೈಯ ವಿಷಯದಲ್ಲಿ ನಿರ್ಣಯ ಹೇಳಲಾಗದು.

ಚಿತ್ರಗಳನ್ನು ಮೇಲಿಟ್ಟು ನೋಡುವುದರಿಂದ ತಿಳಿಯದ ಸಂಗತಿಗಳೂ ಉಂಟು. ಗೆರೆ ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ, ಹೇಗೆ ಎಳೆದದ್ದು ಎಂಬುದನ್ನು ಹೇಳುವುದಿಲ್ಲ. ತಿದ್ದಿ ಬರೆದ ಗೆರೆ ನಿಧಾನವಾಗಿ ಸಾಗುವುದರಿಂದ ಅದರಲ್ಲಿ ಸಣ್ಣ ನಡುಕ, ಮೊಂಡಾದ ತುದಿ, ಕೈಯೆತ್ತಬೇಕಿಲ್ಲದ ಕಡೆ ಲೇಖನಿ ಎತ್ತಿದ ಗುರುತು ಕಾಣಬಹುದು. ವೇಗವಾಗಿ ಬರೆದ ಗೆರೆಯಾದರೆ ತುದಿಯಲ್ಲಿ ಸಪೂರವಾಗಿ ಮಾಯವಾಗುತ್ತದೆ. ಇದನ್ನು ನೋಡಲು ಚಿತ್ರಗಳನ್ನು ಹಿಗ್ಗಿಸಿ ಅಕ್ಕಪಕ್ಕದಲ್ಲಿಡಬೇಕು, ಏಕೆಂದರೆ ಮೇಲಿಟ್ಟಾಗ ಒಂದರ ಶಾಯಿ ಇನ್ನೊಂದರ ಅಂಚನ್ನು ಮುಚ್ಚುತ್ತದೆ. ಅಡಿಯಲ್ಲಿ ಸೀಸದ ಕಡ್ಡಿಯ ಗೆರೆ ಇದೆಯೇ ಎಂಬುದಕ್ಕಂತೂ ಚಿತ್ರ ಸಾಲದೆ ಮೂಲ ಹಾಳೆಯೇ ಬೇಕು. ಈ ಮೊಕದ್ದಮೆಯಲ್ಲಿ ನಿಸರ್ಗವಿಜ್ಞಾನಿ ಲೂಯಿ ಅಗಾಸಿಯೂ ವೈದ್ಯನೂ ಕವಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್‌ನೂ ಸೂಕ್ಷ್ಮದರ್ಶಕದಿಂದ ಹಾಳೆಯನ್ನು ಪರೀಕ್ಷಿಸಿ, ತಿದ್ದಿದ ಗುರುತು ಕಾಣಲಿಲ್ಲವೆಂದು ಹೆಟ್ಟಿಯ ಪರವಾಗಿ ಸಾಕ್ಷಿ ಹೇಳಿದರು. ಹೀಗೆ ಗೆರೆಗಳ ಸ್ಥಾನ ಖೋಟಾ ಎಂದಿತು, ಶಾಯಿ ಮತ್ತು ಕಾಗದ ಅದನ್ನು ಸಮರ್ಥಿಸಲಿಲ್ಲ. ಬೆಳಕಿಗೆ ಎದುರಾಗಿ ಹಿಡಿದು ನೇರವಾಗಿ ಶಾಯಿಯಲ್ಲೇ ತಿದ್ದಿದ್ದರೆ ಸೀಸದ ಗೆರೆ ಉಳಿಯುವ ಪ್ರಶ್ನೆಯಿಲ್ಲವಾದ್ದರಿಂದ, ಎರಡು ಸಾಕ್ಷ್ಯಗಳು ಒಂದನ್ನೊಂದು ಪೂರ್ತಿಯಾಗಿ ಕಡಿದುಹಾಕಲೂ ಇಲ್ಲ.

1868ರಲ್ಲಿ ಬಂದ ತೀರ್ಪು ರುಜುವಿನ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಸತ್ತವರ ಆಸ್ತಿಯ ವ್ಯಾಜ್ಯದಲ್ಲಿ ಕಕ್ಷಿದಾರಳಾದ ಹೆಟ್ಟಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ, ಆ ಸಾಕ್ಷ್ಯವಿಲ್ಲದೆ ಅವಳ ಹಕ್ಕು ಸಿದ್ಧವಾಗುವುದಿಲ್ಲ ಎಂಬ ಕಾನೂನಿನ ಅಂಶದ ಮೇಲೆ ನ್ಯಾಯಾಧೀಶ ನೇಥನ್ ಕ್ಲಿಫರ್ಡ್ ಅವಳ ವಿರುದ್ಧ ನಿರ್ಣಯಿಸಿದ. ಆ ವೇಳೆಗೆ ಹೆಟ್ಟಿ ಗ್ರೀನ್ ಆಗಿದ್ದ ಅವಳು ಮುಂದೆ ತನ್ನ ಹೂಡಿಕೆಗಳಿಂದಲೇ ಅಮೆರಿಕದ ಅತಿ ಶ್ರೀಮಂತ ಮಹಿಳೆಯೆಂದು ಹೆಸರಾದಳು. 10ನೆಯ ರುಜು ಯಾರ ಕೈಯದೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಪರ್ಸ್‌ರ ದೊಡ್ಡ ಸಂಖ್ಯೆ ವಿಮರ್ಶೆಯ ಮುಂದೆ ನಿಲ್ಲದಿದ್ದರೂ ಅದಕ್ಕೆ ಮೊದಲು ಮಾಡಿದ ಎಣಿಕೆ ನಿಂತಿದೆ. 861 ನಿಜವಾದ ಜೋಡಿಗಳಲ್ಲಿ ಸರಾಸರಿ 6 ಗೆರೆಗಳು ಹೊಂದುತ್ತವೆಂಬುದು ತಿಳಿದಿದ್ದರಿಂದಲೇ, ಒಂದು ಜೋಡಿಯಲ್ಲಿ 30 ಗೆರೆಗಳೂ ಹೊಂದಿದ್ದು ಸಾಮ್ಯದ ಗುರುತಾಗದೆ ಸಂಶಯದ ಗುರುತಾಯಿತು.